ಅಪ್ರೈಸಲ್‌ಗೆ ಮುಂಚೆಯೇ ಮ್ಯಾನೇಜರ್ ಹತ್ತಿರ ಫೀಡ್‌ಬ್ಯಾಕ್ ಕೇಳುವುದು ಹೇಗೆ: ಮೆಸೇಜಿನಿಂದ ಮೀಟಿಂಗ್ ನಂತರದ ಮೇಲ್‌ವರೆಗೆ

ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಯಾವ ಐಟಿ ಆಫೀಸಿನ ಕ್ಯಾಂಟೀನಿಗೆ ಹೋದರೂ ಒಂದೇ ಮಾತು. ರೇಟಿಂಗ್ ಏನು ಬಂತು, ಹೈಕ್ ಎಷ್ಟಾಯ್ತು. ಬೇಜಾರಾದವರು ಆಗ ಮ್ಯಾನೇಜರ್ ಹತ್ತಿರ ಹೋಗಿ, ನನ್ನ ಕೆಲಸದಲ್ಲಿ ಏನು ಕಡಿಮೆಯಾಯ್ತು ಎಂದು ಕೇಳುತ್ತಾರೆ. ಅಷ್ಟು ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಮ್ಯಾನೇಜರ್ ಕೊಡುವುದು ಫೀಡ್‌ಬ್ಯಾಕ್ ಅಲ್ಲ, ಆದ ತೀರ್ಮಾನಕ್ಕೆ ಸಮಜಾಯಿಷಿ.

ಇಲ್ಲಿ ಹೇಳುತ್ತಿರುವುದು ಅದಕ್ಕೆ ನಾಲ್ಕೈದು ತಿಂಗಳು ಮುಂಚೆ ನಡೆಯಬೇಕಾದ ಮಾತುಕತೆಯ ಬಗ್ಗೆ. ಅದನ್ನು ಯಾವಾಗ ಕೇಳಬೇಕು, ಯಾವ ಮಾತಲ್ಲಿ ಕೇಳಬೇಕು, "ಎಲ್ಲಾ ಚೆನ್ನಾಗಿದೆ" ಎಂಬ ಉತ್ತರ ಬಂದರೆ ಏನು ಮಾಡಬೇಕು, ಆಮೇಲೆ ಏನನ್ನು ಬರೆದಿಡಬೇಕು, ಇಷ್ಟನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಉದಾಹರಣೆಗೆ ಒಬ್ಬ ಟೆಸ್ಟರ್ ಇದ್ದಾರೆ ಎಂದುಕೊಳ್ಳಿ. ಹೆಸರು ರಶ್ಮಿ ಎಂದಿರಲಿ. ನಾಲ್ಕು ವರ್ಷದ ಅನುಭವ. ಕ್ಲೈಂಟ್ ಒಂದು ಇನ್ಶೂರೆನ್ಸ್ ಕಂಪನಿ. ಪಾಲಿಸಿ ರಿನ್ಯೂ ಮಾಡುವ ಆ್ಯಪ್‌ನ ಅಕ್ಟೋಬರ್ ರಿಲೀಸಿಗೆ ಟೆಸ್ಟಿಂಗ್ ಪೂರ್ತಿ ರಶ್ಮಿಯೇ ನೋಡಿಕೊಂಡರು. ಮೊದಲ ಸಲ ಅಂಥ ಜವಾಬ್ದಾರಿ. ಐದು ದಿನ ಹಿಡಿಯುತ್ತಿದ್ದ ರಿಗ್ರೆಶನ್ ಟೆಸ್ಟಿಂಗನ್ನು ಆಟೊಮೇಶನ್ ಮಾಡಿ ಮೂರು ದಿನಕ್ಕೆ ಇಳಿಸಿದರು. ಆದರೆ ಒಂದು ಬಗ್ ಕಣ್ಣು ತಪ್ಪಿ ಪ್ರೊಡಕ್ಷನ್‌ಗೆ ಹೋಯಿತು. ಪ್ರೀಮಿಯಂ ಕಟ್ಟಲು 30 ದಿನದ ಗ್ರೇಸ್ ಅವಧಿ ಇತ್ತು. ಮೂವತ್ತನೇ ದಿನ ಕಟ್ಟಲು ಹೋದವರಿಗೆ ಪಾಲಿಸಿ ಲ್ಯಾಪ್ಸ್ ಆಗಿದೆ ಎಂದು ತೋರಿಸಿತು. 29 ಮತ್ತು 31ನೇ ದಿನಕ್ಕೆ ಟೆಸ್ಟ್ ಇತ್ತು, ಸರಿಯಾಗಿ 30ಕ್ಕೆ ಇರಲಿಲ್ಲ. ಮರುದಿನವೇ ಸರಿಮಾಡಿದರು. ಮ್ಯಾನೇಜರ್ ಅದರ ಬಗ್ಗೆ ಏನೂ ಹೇಳಲಿಲ್ಲ. ಆ ಮೌನದ ಅರ್ಥ ಏನು ಎಂದು ರಶ್ಮಿಗೆ ಗೊತ್ತಿಲ್ಲ.

## ಮೊದಲು ಕ್ಯಾಲೆಂಡರ್ ನೋಡಿ

ನಿಮ್ಮ ಕಂಪನಿಯ ಅಪ್ರೈಸಲ್ ವರ್ಷ ಯಾವಾಗ ಮುಗಿಯುತ್ತದೆ ಎಂಬುದನ್ನು ಎಚ್‌ಆರ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಇಲ್ಲಿನ ಅನೇಕ ಕಂಪನಿಗಳಲ್ಲಿ ಅದು ಏಪ್ರಿಲ್‌ನಿಂದ ಮಾರ್ಚ್. ಕೆಲವು ಕಡೆ ಜನವರಿಯಿಂದ ಡಿಸೆಂಬರ್. ಏಪ್ರಿಲ್-ಮಾರ್ಚ್ ಕಂಪನಿಯಲ್ಲಿ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಸೆಲ್ಫ್ ಅಪ್ರೈಸಲ್ ಫಾರ್ಮ್ ತೆರೆಯುತ್ತದೆ. ನೀವು ತುಂಬುತ್ತೀರಿ, ನಿಮ್ಮ ಮ್ಯಾನೇಜರ್ ಅದರ ಮೇಲೆ ತಮ್ಮ ಅಭಿಪ್ರಾಯ ಬರೆದು ಒಂದು ರೇಟಿಂಗ್ ಸೂಚಿಸುತ್ತಾರೆ.

ಅಲ್ಲಿಗೆ ಮುಗಿಯುವುದಿಲ್ಲ. ಆಮೇಲೆ ಒಂದೇ ವಿಭಾಗದ ಮ್ಯಾನೇಜರ್‌ಗಳೆಲ್ಲ ಒಟ್ಟಿಗೆ ಕೂರುತ್ತಾರೆ. ಇದನ್ನು ಕೆಲವರು ನಾರ್ಮಲೈಸೇಶನ್ ಎನ್ನುತ್ತಾರೆ, ಕೆಲವರು ಕ್ಯಾಲಿಬ್ರೇಶನ್ ಎನ್ನುತ್ತಾರೆ. ಒಬ್ಬರ ಟೀಮಿನವರನ್ನು ಇನ್ನೊಬ್ಬರ ಟೀಮಿನವರ ಜೊತೆ ಹೋಲಿಸಿ ರೇಟಿಂಗ್ ಏರಿಳಿಯುವುದು ಇಲ್ಲಿಯೇ. ಇಷ್ಟು ಜನರನ್ನು ಕೆಳಗಿನ ರೇಟಿಂಗಿಗೆ ಹಾಕಲೇಬೇಕು ಎಂಬ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು, ಆಮೇಲೆ ಬೇರೆ ಕಂಪನಿಗಳೂ ಬಿಟ್ಟವು. ಆದರೆ ಪದ್ಧತಿ ಹೋದರೂ ಹೈಕಿಗೆ ಇಟ್ಟ ಹಣಕ್ಕೆ ಮಿತಿ ಇದ್ದೇ ಇರುತ್ತದೆ. ಹಾಗಾಗಿ ಹೋಲಿಕೆ ತಪ್ಪುವುದಿಲ್ಲ.

ಆ ಕೋಣೆಯಲ್ಲಿ ನೀವಿರುವುದಿಲ್ಲ. ನಿಮ್ಮ ಪರವಾಗಿ ಮಾತಾಡಲು ನಿಮ್ಮ ಮ್ಯಾನೇಜರಿಗೆ ಸಿಗುವುದು ಸ್ವಲ್ಪವೇ ಸಮಯ. ಆಗ ಅವರ ಬಾಯಿಗೆ ಬರುವುದು ಅವರಿಗೆ ಚೆನ್ನಾಗಿ ನೆನಪಿರುವ ಒಂದೆರಡು ಸಂಗತಿ. ಸಾಮಾನ್ಯವಾಗಿ ಅವು ಕಳೆದ ಎರಡು ತಿಂಗಳಲ್ಲಿ ಆದದ್ದೇ ಆಗಿರುತ್ತವೆ. ರಶ್ಮಿಯ ವಿಷಯದಲ್ಲಿ ಆಟೊಮೇಶನ್ ನೆನಪಿರುತ್ತದೋ, ಆ ಬಗ್ ನೆನಪಿರುತ್ತದೋ?

ಆದ್ದರಿಂದ ಮಾರ್ಚ್‌ನಲ್ಲಿ ಮುಗಿಯುವ ವರ್ಷಕ್ಕೆ ಕೇಳಲು ಸರಿಯಾದ ಸಮಯ ನವೆಂಬರ್‌ನಿಂದ ಜನವರಿ ಮಧ್ಯದವರೆಗೆ. ಡಿಸೆಂಬರಿನಲ್ಲಿ ಮುಗಿಯುವ ಕಡೆ ಆಗಸ್ಟ್‌ನಿಂದ ಅಕ್ಟೋಬರ್ ಮಧ್ಯದವರೆಗೆ. ಹೇಳಿದ್ದನ್ನು ಕೇಳಿ, ಬದಲಾಯಿಸಿಕೊಂಡು, ಬದಲಾದದ್ದು ಕಣ್ಣಿಗೆ ಬೀಳುವಷ್ಟು ಸಮಯ ಆಗ ಉಳಿದಿರುತ್ತದೆ. ಇದರೊಳಗೆ ಇನ್ನೊಂದು ಲೆಕ್ಕ ಇದೆ. ಯಾವ ಕೆಲಸದ ಬಗ್ಗೆ ಕೇಳುತ್ತೀರೋ ಆ ಕೆಲಸ ಮುಗಿದು ಎರಡು, ಮೂರು ವಾರದೊಳಗೆ ಕೇಳಬೇಕು. ಅದಕ್ಕಿಂತ ತಡವಾದರೆ ಅವರಿಗೆ ವಿವರ ಮರೆತಿರುತ್ತದೆ, ಒಟ್ಟಾರೆ ಅನಿಸಿಕೆ ಮಾತ್ರ ಉಳಿದಿರುತ್ತದೆ. ರಿಲೀಸ್ ಮುಗಿದ ಮರುದಿನವೇ ಕೇಳುವುದೂ ಬೇಡ, ಆಗ ಎಲ್ಲರಿಗೂ ಸುಸ್ತು.

## ಒಂದು ಕೆಲಸ ಆರಿಸಿ, ಒಂದು ಪುಟ ಬರೆಯಿರಿ

"ನನ್ನ ಪರ್ಫಾರ್ಮೆನ್ಸ್ ಹೇಗಿದೆ?" ಎಂಬ ಪ್ರಶ್ನೆಗೆ ಒಳ್ಳೆಯ ಮ್ಯಾನೇಜರ್ ಕೂಡ ಸರಿಯಾದ ಉತ್ತರ ಕೊಡಲಾರರು. ಅದು ಅಷ್ಟು ದೊಡ್ಡ ಪ್ರಶ್ನೆ. ಒಂದು ವರ್ಷದ ಕೆಲಸವನ್ನು ಅವರು ಆ ಕ್ಷಣದಲ್ಲಿ ನೆನಪಿಸಿಕೊಂಡು ತೂಗಬೇಕು. ಅದರ ಬದಲು ಅವರೂ ಹತ್ತಿರದಿಂದ ನೋಡಿರುವ ಒಂದು ಕೆಲಸ ಆರಿಸಿಕೊಳ್ಳಿ. ಅದರಲ್ಲಿ ಸರಿಹೋದದ್ದೂ ಇರಲಿ, ಎಡವಿದ್ದೂ ಇರಲಿ. ಎಲ್ಲವೂ ಸಲೀಸಾಗಿ ನಡೆದ ಕೆಲಸದ ಬಗ್ಗೆ ಕೇಳಿದರೆ ಹೊಗಳಿಕೆ ಬಿಟ್ಟು ಬೇರೇನೂ ಸಿಗುವುದಿಲ್ಲ.

ಕೆಲಸದ ಬಗ್ಗೆ ಕೇಳಬೇಕು, ನಿಮ್ಮ ಬಗ್ಗೆ ಅಲ್ಲ. ಇದಕ್ಕೆ ಬಲವಾದ ಕಾರಣವಿದೆ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಇಬ್ಬರು ಸಂಶೋಧಕರು ಫೀಡ್‌ಬ್ಯಾಕ್ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸುತ್ತದೆ. ಆದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡೆ ಫೀಡ್‌ಬ್ಯಾಕ್ ಸಿಕ್ಕ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಗಮನ ಕೆಲಸದಿಂದ ಜಾರಿ ವ್ಯಕ್ತಿಯ ಮೇಲೆ ಹೋದಷ್ಟೂ ಉಪಯೋಗ ಕಡಿಮೆ ಎಂದು ಅವರು ವಿವರಿಸಿದರು. "ನೀವು ಅಷ್ಟು ಪ್ರೊಆ್ಯಕ್ಟಿವ್ ಅಲ್ಲ" ಎಂದು ಯಾರಾದರೂ ಹೇಳಿದಾಗ ಏನಾಗುತ್ತದೆ ಯೋಚಿಸಿ. ಮನಸ್ಸಿಗೆ ಚುಚ್ಚುತ್ತದೆ, ನಾಳೆ ಬೆಳಗ್ಗೆ ಏನನ್ನು ಬೇರೆ ಥರ ಮಾಡಬೇಕು ಎಂಬುದು ಮಾತ್ರ ತಿಳಿಯುವುದಿಲ್ಲ.

ರಶ್ಮಿ ಬರೆದ ಒಂದು ಪುಟದಲ್ಲಿ ಇದ್ದದ್ದು ಇಷ್ಟು. ಮೇಲೆ ಕೆಲಸದ ಹೆಸರು ಮತ್ತು ತಮ್ಮ ಪಾಲು ಏನಿತ್ತು ಎಂಬ ಎರಡು ಸಾಲು. ಅದರ ಕೆಳಗೆ ರಿಗ್ರೆಶನ್ ಐದು ದಿನದಿಂದ ಮೂರು ದಿನಕ್ಕೆ ಇಳಿದದ್ದು, ಆ ಟೆಸ್ಟ್ ರಿಪೋರ್ಟಿನ ಲಿಂಕ್ ಜೊತೆಗೆ. ಆಮೇಲೆ ತಪ್ಪಿಹೋದ ಬಗ್: ಯಾವ ಟೆಸ್ಟ್ ಇರಲಿಲ್ಲ, ಯಾಕೆ ಇರಲಿಲ್ಲ, ಈಗ ಗಡಿಯ ದಿನಗಳಿಗೆಲ್ಲ ಟೆಸ್ಟ್ ಸೇರಿಸಿದ್ದಾರೆ ಎಂಬುದು. ಕೊನೆಗೆ ಕೇಳಬೇಕಾದ ಎರಡು ಪ್ರಶ್ನೆ.

ತಪ್ಪನ್ನು ನೀವೇ ಬರೆಯಬೇಕಾ ಎಂದು ಅನುಮಾನ ಬರಬಹುದು. ಬರೆಯಿರಿ. ಅವರಿಗೆ ಅದು ಗೊತ್ತೇ ಇದೆ. ನೀವು ಬರೆಯದಿದ್ದರೆ ಮೀಟಿಂಗಿನ ಅರ್ಧ ಸಮಯ ಅದನ್ನು ಹೇಗೆ ಎತ್ತುವುದು ಎಂದು ಅವರು ಯೋಚಿಸುವುದರಲ್ಲೇ ಹೋಗುತ್ತದೆ. ಆದರೆ ಕಾರಣ ಹೇಳುವಾಗ ಇನ್ನೊಬ್ಬರ ಹೆಸರು ತರಬೇಡಿ. ಡೆವಲಪರ್ ಕೋಡ್ ತಡವಾಗಿ ಕೊಟ್ಟಿದ್ದು ನಿಜವೇ ಇರಬಹುದು, ಈ ಪುಟ ಅದಕ್ಕೆ ಜಾಗವಲ್ಲ.

ಪುಟ ಒಂದನ್ನು ಮೀರಬಾರದು. ಎರಡಾದರೆ ಅದು ಸೆಲ್ಫ್ ಅಪ್ರೈಸಲ್ ಥರ ಕಾಣುತ್ತದೆ, ಓದುವವರಿಗೆ ಇದು ಹೈಕ್ ಕೇಳುವ ಪೀಠಿಕೆ ಅನ್ನಿಸಿಬಿಡುತ್ತದೆ.

## ಕೇಳುವ ಮೆಸೇಜ್

ಎದುರಿಗೆ ಸಿಕ್ಕಾಗ ಲಿಫ್ಟಿನ ಹತ್ತಿರ ಕೇಳುವುದು ಬೇಡ. ದಿನವೂ ಮಾತಾಡುವ ಚಾಟ್‌ನಲ್ಲೋ ಮೇಲ್‌ನಲ್ಲೋ ಬರೆದು ಕೇಳಿ. ಮ್ಯಾನೇಜರನ್ನು ದಿನಾ ಹೆಸರು ಹಿಡಿದು ಕರೆಯುತ್ತಿದ್ದರೆ ಇಲ್ಲಿಯೂ ಹೆಸರೇ ಇರಲಿ. ಸರ್, ಮೇಡಂ ಎನ್ನುತ್ತಿದ್ದರೆ ಹಾಗೇ ಇರಲಿ. ಇದೊಂದು ಮೆಸೇಜಿಗೆ ಮಾತ್ರ ಧಾಟಿ ಬದಲಾದರೆ ರಾಜೀನಾಮೆಯ ಸುದ್ದಿ ಬರುತ್ತಿದೆಯೇನೋ ಎಂದು ಅವರಿಗೆ ಗಾಬರಿಯಾಗುತ್ತದೆ. "ಸ್ವಲ್ಪ ಮಾತಾಡಬೇಕಿತ್ತು, ಫ್ರೀ ಇದ್ದಾಗ ಹೇಳಿ" ಎಂದು ಬರೆದರೂ ಅದೇ ಆಗುತ್ತದೆ.

ಮೆಸೇಜಿನಲ್ಲಿ ನಾಲ್ಕು ವಿಷಯ ಇರಬೇಕು: ಯಾವ ಕೆಲಸದ ಬಗ್ಗೆ, ಏನು ತಿಳಿಯಬೇಕು, ಯಾಕೆ ಈಗ, ಎಷ್ಟು ಹೊತ್ತು. ರಶ್ಮಿ ಬರೆದದ್ದು ಹೀಗೆ:

"ಮೇಡಂ, ಅಕ್ಟೋಬರ್ ರಿಲೀಸಿನ ಟೆಸ್ಟಿಂಗ್ ಬಗ್ಗೆ ನಿಮ್ಮ ಫೀಡ್‌ಬ್ಯಾಕ್ ಬೇಕಿತ್ತು. ಎರಡೇ ವಿಷಯ: ನಾನು ಮಾಡಿದ್ದ ಟೆಸ್ಟ್ ಪ್ಲಾನ್ ಹೇಗಿತ್ತು, ಆ ಗ್ರೇಸ್ ಅವಧಿ ಬಗ್ ಬಂದ ದಿನ ನಾನು ಅದನ್ನು ನಿಭಾಯಿಸಿದ ರೀತಿ ಹೇಗಿತ್ತು. ಜನವರಿ ರಿಲೀಸಿನ ಪ್ಲಾನಿಂಗ್ ಶುರುವಾಗುವ ಮುಂಚೆ ಏನು ಬದಲಾಯಿಸಿಕೊಳ್ಳಬೇಕು ಅಂತ ತಿಳಿದುಕೊಂಡರೆ ಒಳ್ಳೆಯದು ಅನ್ನಿಸಿತು. ಮುಂದಿನ ಬುಧವಾರ 3 ಗಂಟೆ ಅಥವಾ ಗುರುವಾರ 11 ಗಂಟೆಗೆ 30 ನಿಮಿಷ ಆಗುತ್ತಾ? ಒಂದು ಪುಟದ ನೋಟ್ ಹಿಂದಿನ ದಿನ ಕಳಿಸ್ತೀನಿ."

ನಿಮ್ಮ ಆಫೀಸಿನ ಮೇಲ್ ಇಂಗ್ಲಿಷ್‌ನಲ್ಲಿ ಹೋಗುವುದಾದರೆ ಇದೇ ಕ್ರಮದಲ್ಲಿ ಇಂಗ್ಲಿಷ್‌ನಲ್ಲಿ ಬರೆಯಿರಿ. ಗಮನಿಸಬೇಕಾದದ್ದು "ಜನವರಿ ರಿಲೀಸ್" ಎಂಬ ಮಾತು. ಅದರಿಂದ ಮ್ಯಾನೇಜರಿಗೂ ಇದರಲ್ಲಿ ಲಾಭವಿದೆ ಎಂದು ಗೊತ್ತಾಗುತ್ತದೆ. ಮುಂದಿನ ರಿಲೀಸ್ ಸುಸೂತ್ರವಾಗಿ ಹೋದರೆ ನೆಮ್ಮದಿ ಅವರಿಗೇ ಅಲ್ವಾ? ಎರಡು ಸಮಯ ಕೊಟ್ಟಿರುವುದೂ ಬೇಕೆಂದೇ. "ನಿಮಗೆ ಯಾವಾಗ ಆಗುತ್ತೋ ಆಗ" ಎಂದರೆ ಅದು ಯಾವತ್ತೂ ಆಗುವುದಿಲ್ಲ.

ಒಪ್ಪಿದ ಕೂಡಲೇ ಕ್ಯಾಲೆಂಡರ್ ಇನ್ವೈಟ್ ನೀವೇ ಕಳಿಸಿ. ದಿನದ ಸ್ಟ್ಯಾಂಡ್‌ಅಪ್ ಮೀಟಿಂಗಿನ ಬೆನ್ನಿಗೇ ಇಡಬೇಡಿ, ರಿಲೀಸ್ ವಾರದಲ್ಲಿ ಇಡಬೇಡಿ. ವಾರವಾರ ಒನ್-ಆನ್-ಒನ್ ಇರುವವರಿಗೆ ಬೇರೆ ಮೀಟಿಂಗ್ ಬೇಡ ಅನ್ನಿಸಬಹುದು. ಆದರೆ ಆ ಸಮಯ ಟಿಕೆಟ್‌ಗಳ ಸ್ಟೇಟಸ್ ಹೇಳುವುದರಲ್ಲೇ ಮುಗಿದುಹೋಗುತ್ತದೆ. "ಈ ವಾರದ ಒನ್-ಆನ್-ಒನ್‌ನಲ್ಲಿ ಸ್ಟೇಟಸ್ ಬಿಟ್ಟು ಇದನ್ನೇ ಮಾತಾಡೋಣವಾ?" ಎಂದು ಮುಂಚೆಯೇ ಕೇಳಿ ಪಕ್ಕಾ ಮಾಡಿಕೊಳ್ಳಿ.

## ಮೀಟಿಂಗಿನ ಒಳಗೆ

ಮೂವತ್ತು ನಿಮಿಷದಲ್ಲಿ ನಿಮ್ಮ ಮಾತು ಎಂಟು, ಹತ್ತು ನಿಮಿಷ ಮೀರದಿರಲಿ. ನೋಟ್ ಅವರು ಓದಿಲ್ಲದಿದ್ದರೆ ಅಲ್ಲೇ ಎರಡು ನಿಮಿಷ ಓದಲು ಬಿಡಿ. ಮೊದಲ ಪ್ರಶ್ನೆ ಕೇಳಿ ಸುಮ್ಮನಾಗಿ. ಈ ಸುಮ್ಮನಾಗುವುದು ಸುಲಭವಲ್ಲ. ಮುಜುಗರ ತಡೆಯಲಾರದೆ ನಾವೇ ಉತ್ತರ ತುಂಬಿಬಿಡುತ್ತೇವೆ: "ಪರವಾಗಿಲ್ಲ ಅಂತ ನನಗನ್ನಿಸುತ್ತೆ, ಅಲ್ವಾ ಮೇಡಂ?" ಅವರೂ ಹೌದು ಎನ್ನುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ರಶ್ಮಿ ಕಾದರೂ ಮೊದಲು ಬಂದ ಉತ್ತರ ಎಲ್ಲ ಮ್ಯಾನೇಜರ್‌ಗಳೂ ಕೊಡುವಂಥದ್ದೇ.

"ಚೆನ್ನಾಗೇ ಮಾಡ್ತಿದ್ದೀರ ರಶ್ಮಿ. ನನಗೇನೂ ಕಂಪ್ಲೇಂಟ್ ಇಲ್ಲ. ಹೀಗೇ ಮುಂದುವರೆಸಿ."

ಇದು ಸುಳ್ಳಲ್ಲ. ಆದರೆ ಇದರಿಂದ ಏನೂ ಸಿಗುವುದಿಲ್ಲ. ಕಂಪ್ಲೇಂಟ್ ಇಲ್ಲದಿರುವುದಕ್ಕೂ ಒಳ್ಳೆಯ ರೇಟಿಂಗ್ ಬರುವುದಕ್ಕೂ ನಡುವೆ ತುಂಬಾ ದೂರವಿದೆ. ಬಹಳ ಜನ ಇಲ್ಲಿ ಥ್ಯಾಂಕ್ಸ್ ಹೇಳಿ ಎದ್ದು ಬರುತ್ತಾರೆ, ಮೇ ತಿಂಗಳಲ್ಲಿ ಪತ್ರ ನೋಡಿ ಬೆಚ್ಚಿಬೀಳುತ್ತಾರೆ. "ನೆಗೆಟಿವ್ ಏನಾದರೂ ಇದ್ದರೆ ಹೇಳಿ" ಎಂದು ಒತ್ತಾಯ ಮಾಡಿದರೂ ಆಗುವುದಿಲ್ಲ. ಎದುರಿಗೆ ಕೂತವರ ಮುಖಕ್ಕೇ ಕೊರತೆ ಹೇಳಲು ನಮ್ಮವರಿಗೆ ಸಂಕೋಚ. ಮನಸ್ಸಿಗೆ ಬೇಜಾರಾದೀತು ಎಂಬ ಕಾಳಜಿಯೂ ಇರುತ್ತದೆ, ಅರ್ಧ ಗಂಟೆಯ ಜಗಳ ಯಾಕೆ ಎಂಬ ಲೆಕ್ಕವೂ ಇರುತ್ತದೆ.

ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಬೇಕು. ಆಗಿಹೋದದ್ದಕ್ಕೆ ಅಂಕ ಕೊಡಿ ಎಂದು ಕೇಳುವ ಬದಲು ಮುಂದೆ ಮಾಡುವ ಕೆಲಸಕ್ಕೆ ಸಲಹೆ ಕೇಳಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಫೀಡ್‌ಬ್ಯಾಕ್ ಕೊಡಿ ಎಂದಾಗ ಜನ ಮೇಲುಮೇಲಿನ ಹೊಗಳಿಕೆ ಕೊಟ್ಟರು. ಸಲಹೆ ಕೊಡಿ ಎಂದಾಗ ಕೊರತೆಗಳನ್ನೂ, ಮಾಡಬಹುದಾದ ಬದಲಾವಣೆಗಳನ್ನೂ ಜಾಸ್ತಿ ಹೇಳಿದರು.

ರಶ್ಮಿ ಕೇಳಿದ ಎರಡನೇ ಪ್ರಶ್ನೆ ಇದು. ನನಗೆ ತಿಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಕೆಲಸಕ್ಕೆ ಬರುವಂಥದ್ದು ಇಲ್ಲ:

"ಜನವರಿ ರಿಲೀಸನ್ನೂ ನನಗೇ ಬಿಟ್ಟರೆ, ಯಾವ ಒಂದು ವಿಷಯದಲ್ಲಿ ನೀವೇ ಬಂದು ಒಮ್ಮೆ ಚೆಕ್ ಮಾಡಬೇಕು ಅನ್ನಿಸುತ್ತೆ ನಿಮಗೆ?"

ಮ್ಯಾನೇಜರ್ ಸ್ವಲ್ಪ ಯೋಚಿಸಿದರು.

"ಟೆಸ್ಟಿಂಗ್ ವಿಷಯದಲ್ಲಿ ಏನಿಲ್ಲ. ಕ್ಲೈಂಟಿಗೆ ಹೇಳೋ ವಿಷಯದಲ್ಲಿ. ಬಗ್ ಬಂದ ದಿನ ನೀವು ಡೆವಲಪರ್ ಜೊತೆ ಕೂತು ಕೆಲಸ ಮಾಡಿದ್ರಿ, ಅದು ಸರಿ. ಆದರೆ ನಾಲ್ಕು ಗಂಟೆ ಹೊತ್ತು ಕ್ಲೈಂಟಿಗೆ ಏನಾಗ್ತಿದೆ ಅಂತಾನೇ ಗೊತ್ತಿರಲಿಲ್ಲ. ಅವರು ನೇರ ನಮ್ಮ ಡೆಲಿವರಿ ಹೆಡ್‌ಗೆ ಫೋನ್ ಮಾಡಿದ್ರು. ಅವರು ನನ್ನನ್ನು ಕೇಳಿದಾಗ ನನ್ನ ಹತ್ರನೂ ಉತ್ತರ ಇರಲಿಲ್ಲ."

ಇಲ್ಲಿ ಏನಾಯಿತು ನೋಡಿ. ರಶ್ಮಿ ಇಷ್ಟು ದಿನ ಕೊರಗಿದ್ದು ಬಿಟ್ಟುಹೋದ ಆ ಒಂದು ಟೆಸ್ಟ್ ಬಗ್ಗೆ. ಮ್ಯಾನೇಜರ್ ಮನಸ್ಸಿನಲ್ಲಿ ಉಳಿದದ್ದು ಆ ನಾಲ್ಕು ಗಂಟೆಯ ಮೌನ. ಬಗ್ ಎಲ್ಲರ ಕೆಲಸದಲ್ಲೂ ಬರುತ್ತದೆ ಎಂದು ಅವರಿಗೆ ಗೊತ್ತು. ಕೇಳದೇ ಇದ್ದಿದ್ದರೆ ರಶ್ಮಿ ಇನ್ನೂರು ಹೊಸ ಟೆಸ್ಟ್ ಬರೆದು, ಜನವರಿಯಲ್ಲೂ ಕ್ಲೈಂಟಿಗೆ ಏನೂ ಹೇಳದೆ, ಅದೇ ರೇಟಿಂಗ್ ಪಡೆಯುತ್ತಿದ್ದರು. ನಮಗೆ ದೊಡ್ಡದೆನಿಸಿದ ತಪ್ಪೂ ಅವರಿಗೆ ದೊಡ್ಡದೆನಿಸಿದ ತಪ್ಪೂ ಬೇರೆ ಬೇರೆ ಇರುವುದು ತೀರಾ ಸಾಮಾನ್ಯ. ಈ ಮಾತುಕತೆಯಿಂದ ಸಿಗುವ ಮುಖ್ಯ ಲಾಭ ಇದೇ.

ಕೆಲವೊಮ್ಮೆ ಉತ್ತರ ಇಷ್ಟು ಬಿಡಿಸಿ ಬರುವುದಿಲ್ಲ. "ಕಮ್ಯುನಿಕೇಶನ್ ಇಂಪ್ರೂವ್ ಆಗಬೇಕು", "ಓನರ್‌ಶಿಪ್ ತಗೋಬೇಕು" ಎನ್ನುತ್ತಾರೆ. ಕಮ್ಯುನಿಕೇಶನ್ ಎಂದರೆ ಇಂಗ್ಲಿಷ್ ಮಾತಾಡುವುದಾ, ಮೇಲ್ ಬರೆಯುವುದಾ, ಸರಿಯಾದ ಸಮಯಕ್ಕೆ ತಿಳಿಸುವುದಾ? ಮೂರಕ್ಕೂ ಬೇರೆ ಬೇರೆ ಔಷಧಿ. ಕನ್ನಡ ಮೀಡಿಯಂನಲ್ಲಿ ಓದಿ ಬಂದ ಎಷ್ಟೋ ಜನ ಈ ಪದ ಕೇಳಿದ ತಕ್ಷಣ ತಮ್ಮ ಇಂಗ್ಲಿಷ್ ಬಗ್ಗೆಯೇ ಹೇಳಿದರು ಎಂದುಕೊಂಡು ಕುಗ್ಗಿಹೋಗುತ್ತಾರೆ. ಅವರು ಹೇಳಿದ್ದು ರಶ್ಮಿಗೆ ಹೇಳಿದಂಥದ್ದೇ ಆಗಿರಬಹುದು. ಊಹಿಸಿಕೊಳ್ಳಬೇಡಿ, ಕೇಳಿ.

ಕೇಳಲು ಒಂದು ಹಳೆಯ, ಗಟ್ಟಿ ಕ್ರಮವಿದೆ. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆ ಇದನ್ನು ಫೀಡ್‌ಬ್ಯಾಕ್ ಕೊಡುವವರಿಗಾಗಿ ರೂಪಿಸಿತು. ಯಾವ ಸಂದರ್ಭ, ಏನು ಮಾಡಿದಿರಿ, ಅದರಿಂದ ಏನಾಯಿತು ಎಂಬ ಮೂರು ಭಾಗ. ಕೇಳುವವರೂ ಅದನ್ನು ಉಲ್ಟಾ ಬಳಸಬಹುದು. "ಇತ್ತೀಚೆಗೆ ಯಾವ ದಿನ ಹಾಗನ್ನಿಸಿತು ಮೇಡಂ? ಆವತ್ತು ನಾನು ಏನು ಮಾಡಿದ್ದೆ? ಅದರಿಂದ ನಿಮಗೆ ಏನು ತೊಂದರೆಯಾಯ್ತು?" ಮೂರನ್ನೂ ಒಂದೇ ಉಸಿರಿಗೆ ಕೇಳಿದರೆ ಪೊಲೀಸ್ ವಿಚಾರಣೆ ಆಗುತ್ತದೆ. ಒಂದಕ್ಕೆ ಉತ್ತರ ಬಂದ ಮೇಲೆ ಇನ್ನೊಂದು.

ಉದಾಹರಣೆ ಕೇಳಿದರೂ ಅವರಿಗೆ ಒಂದೂ ನೆನಪಾಗದಿದ್ದರೆ ಅದೂ ಒಂದು ಮಾಹಿತಿಯೇ. ಆ ಅಭಿಪ್ರಾಯ ಅವರದ್ದಲ್ಲ, ಬೇರೆ ಯಾರೋ ಹೇಳಿದ್ದು ಇರಬಹುದು. "ಕ್ಲೈಂಟ್ ಕಡೆಯವರೋ ಡೆವಲಪ್‌ಮೆಂಟ್ ಟೀಮಿನವರೋ ಹೇಳಿದ್ದರೆ, ಅವರ ಹತ್ತಿರವೇ ಕೇಳಬಹುದಾ?" ಎಂದು ಮೆಲ್ಲಗೆ ಕೇಳಿ.

## ಕಹಿ ಮಾತು ಬಂದಾಗ

ಕೈಯಲ್ಲಿ ಪುಸ್ತಕ, ಪೆನ್ ಇರಲಿ. ಅವರು ಹೇಳಿದ್ದನ್ನು ಅವರದೇ ಮಾತಲ್ಲಿ ಬರೆದುಕೊಳ್ಳಿ. ಬರೆಯುತ್ತಿದ್ದರೆ ತಕ್ಷಣ ಎದುರುತ್ತರ ಕೊಡುವ ಆತುರ ತಗ್ಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿದರೆ ಸಾಕ್ಷ್ಯ ಕಲೆಹಾಕುತ್ತಿದ್ದೀರಿ ಎಂದು ಅನ್ನಿಸಬಹುದು.

ಆ ನಾಲ್ಕು ಗಂಟೆಯಲ್ಲಿ ಕ್ಲೈಂಟಿಗೆ ತಿಳಿಸುವುದು ಪ್ರಾಜೆಕ್ಟ್ ಲೀಡ್‌ನ ಕೆಲಸ ಎಂದು ರಶ್ಮಿ ಅಂದುಕೊಂಡಿದ್ದರು. ಅದು ತಪ್ಪು ಕಲ್ಪನೆಯೂ ಅಲ್ಲ, ಯಾರೂ ಅವರಿಗೆ ಹೇಳಿರಲಿಲ್ಲ. ಆದರೆ ಅವರು ಅದನ್ನು ಸಮರ್ಥನೆಯಾಗಿ ಹೇಳದೆ ಪ್ರಶ್ನೆಯಾಗಿ ಕೇಳಿದರು: "ಅದು ಪ್ರಾಜೆಕ್ಟ್ ಲೀಡ್ ಹೇಳ್ತಾರೆ ಅಂದುಕೊಂಡಿದ್ದೆ. ಮುಂದಿನ ಸಲ ನಾನೇ ಹೇಳಬಹುದಾ? ಯಾರನ್ನು ಕಾಪಿ ಮಾಡಬೇಕು?" ಹೀಗೆ ಕೇಳಿದ್ದರಿಂದ ನಿಜ ಸಂಗತಿ ಮ್ಯಾನೇಜರಿಗೂ ತಲುಪಿತು, ಜಗಳವೂ ಆಗಲಿಲ್ಲ. ಮೊದಲ ಅರ್ಧ ಗಂಟೆಯೊಳಗೆ ಒಂದು ಮೇಲ್, ಆಮೇಲೆ ಗಂಟೆಗೊಂದು, ಪ್ರಾಜೆಕ್ಟ್ ಲೀಡ್ ಮತ್ತು ತಮ್ಮನ್ನು ಕಾಪಿ ಮಾಡಿ ಎಂದು ಮ್ಯಾನೇಜರ್ ಹೇಳಿದರು. ಇದು ಮಾಡಬಹುದಾದ, ಅಳೆಯಬಹುದಾದ ಮಾತು.

ಹೇಳಿದ್ದು ಪೂರ್ತಿ ತಪ್ಪು ಎಂದು ಅನ್ನಿಸಿದರೆ ಅಲ್ಲೇ ವಾದ ಮಾಡಬೇಡಿ. "ಇದನ್ನು ನಾನು ಬೇರೆ ಥರ ನೋಡಿದ್ದೆ. ಒಂದು ದಿನ ಯೋಚಿಸಿ, ಟಿಕೆಟ್ ನೋಡಿ ಬರೆದು ಕಳಿಸಲಾ?" ಎಂದು ಕೇಳಿ. ಮರುದಿನ ದಾಖಲೆ ಸಮೇತ ಬರೆದದ್ದಕ್ಕೆ ಮೀಟಿಂಗಿನಲ್ಲಿ ದನಿ ಏರಿಸಿ ಹೇಳಿದ್ದಕ್ಕಿಂತ ತೂಕ ಜಾಸ್ತಿ.

ಒಂದು ಎಚ್ಚರಿಕೆ. ಅವರ ಮಾತಿನಲ್ಲಿ ಪಿಐಪಿ, ಅಂದರೆ ಗಡುವಿನೊಳಗೆ ಕೆಲಸ ಸುಧಾರಿಸಲೇಬೇಕೆಂಬ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್, ಎಂಬ ಪದ ಬಂದರೆ, ಅಥವಾ ಎಚ್‌ಆರ್ ಕೂಡ ಮೀಟಿಂಗಿಗೆ ಬರುತ್ತಾರೆ ಎಂದರೆ, ಇದು ಫೀಡ್‌ಬ್ಯಾಕ್ ಮಾತುಕತೆ ಅಲ್ಲ. ಆಗ ಯಾವ ಗುರಿ, ಯಾವ ದಿನಾಂಕದೊಳಗೆ, ಯಾರು ಅಳೆಯುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ. ಅದು ಕೈಗೆ ಬರುವವರೆಗೆ ಯಾವುದಕ್ಕೂ ಒಪ್ಪಿಗೆ ಕೊಡಬೇಡಿ.

## ರೇಟಿಂಗ್ ಬಗ್ಗೆ ಕೇಳಬಹುದಾ?

ಕೇಳಬಹುದು, ಮೀಟಿಂಗಿನ ಕೊನೆಯ ಐದು ನಿಮಿಷದಲ್ಲಿ. ಮೊದಲೇ ಕೇಳಿದರೆ ಅವರು ಅಲ್ಲಿಂದಾಚೆ ಅಳೆದು ತೂಗಿ ಮಾತಾಡಲು ಶುರುಮಾಡುತ್ತಾರೆ. "ನನಗೆ ಯಾವ ರೇಟಿಂಗ್ ಕೊಡ್ತೀರ?" ಎಂಬ ಪ್ರಶ್ನೆಗೆ ಅವರ ಹತ್ತಿರ ಪ್ರಾಮಾಣಿಕ ಉತ್ತರ ಇರುವುದಿಲ್ಲ. ಅವರು ಸೂಚಿಸಿದ್ದು ನಾರ್ಮಲೈಸೇಶನ್‌ನಲ್ಲಿ ಬದಲಾಗಬಹುದು. ಅದರ ಬದಲು ಹೀಗೆ ಕೇಳಿ: "ಇವತ್ತೇ ಫಾರ್ಮ್ ತುಂಬಬೇಕಾಗಿ ಬಂದರೆ ನನ್ನ ಬಗ್ಗೆ ಏನು ಬರೆಯುತ್ತೀರಿ? ಮಾರ್ಚ್ ಒಳಗೆ ಏನು ಕಂಡರೆ ಅದಕ್ಕಿಂತ ಒಳ್ಳೆಯದು ಬರೆಯಬಹುದು?"

ಪ್ರಮೋಶನ್ ಮನಸ್ಸಿನಲ್ಲಿದ್ದರೆ ಮುಂದಿನ ಹುದ್ದೆಯ ಜವಾಬ್ದಾರಿಗಳ ಪಟ್ಟಿಯನ್ನು ಪೋರ್ಟಲ್‌ನಿಂದ ತೆಗೆದು ಮುಂದಿಡಿ. ಇದರಲ್ಲಿ ಯಾವುದನ್ನು ನಾನು ಮಾಡಿದ್ದು ನೀವು ಇನ್ನೂ ನೋಡಿಲ್ಲ ಎಂದು ಕೇಳಿ.

## ಅದೇ ದಿನ ಸಂಜೆ ಒಂದು ಮೇಲ್

ಸರ್ಕಾರಿ ನೌಕರರಿಗೆ ಒಂದು ರಕ್ಷಣೆ ಇದೆ. ವಾರ್ಷಿಕ ವರದಿಯಲ್ಲಿ ಬರೆದ ಪ್ರತಿಯೊಂದು ಷರಾವನ್ನೂ ನೌಕರರಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಹೇಳಿತು. ಆ ತೀರ್ಪು ಖಾಸಗಿ ಕಂಪನಿಗಳಿಗಾಗಿ ಬಂದದ್ದಲ್ಲ. ಅಲ್ಲಿ ನೀವೇ ಬರೆದಿಟ್ಟದ್ದು ಬಿಟ್ಟರೆ ಈ ಮಾತುಕತೆಗೆ ಬೇರೆ ದಾಖಲೆ ಇರುವುದಿಲ್ಲ. ರಶ್ಮಿ ಕಳಿಸಿದ ಮೇಲ್:

"ಮೇಡಂ, ಇವತ್ತು ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ನಾನು ಅರ್ಥ ಮಾಡಿಕೊಂಡದ್ದು: ಆಟೊಮೇಶನ್ ಮತ್ತು ಟೆಸ್ಟ್ ಪ್ಲಾನ್ ಜನವರಿಯಲ್ಲೂ ಹೀಗೇ ಇರಲಿ. ಪ್ರೊಡಕ್ಷನ್ ತೊಂದರೆ ಬಂದರೆ ಮೊದಲ ಅರ್ಧ ಗಂಟೆಯೊಳಗೆ ಕ್ಲೈಂಟಿಗೆ ನಾನೇ ಮೇಲ್ ಹಾಕಬೇಕು, ಆಮೇಲೆ ಗಂಟೆಗೊಂದು ಅಪ್‌ಡೇಟ್, ಪ್ರಾಜೆಕ್ಟ್ ಲೀಡ್ ಮತ್ತು ನಿಮ್ಮನ್ನು ಕಾಪಿ ಮಾಡಿ. ಜನವರಿ ರಿಲೀಸ್ ಆದ ವಾರ ಇದರ ಬಗ್ಗೆ 10 ನಿಮಿಷ ಮತ್ತೆ ಕೇಳ್ತೀನಿ. ಏನಾದರೂ ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ತಿಳಿಸಿ."

ಇದರಲ್ಲಿ ಮ್ಯಾನೇಜರ್ ಕೊಟ್ಟ ಭರವಸೆ ಯಾವುದೂ ಇಲ್ಲ ಎಂಬುದನ್ನು ಗಮನಿಸಿ. "ನೀವು ಒಳ್ಳೆಯ ರೇಟಿಂಗ್ ಕೊಡುತ್ತೇನೆ ಎಂದಿರಿ" ಎಂದು ಬರೆದು ಕಳಿಸಿದರೆ ಮುಂದಿನ ಸಲ ಅವರು ಬಾಯಿಬಿಡುವುದಿಲ್ಲ.

ಈ ಮೇಲ್‌ನ ವಿವರವನ್ನು ನಿಮ್ಮ ನೋಟ್ಸ್‌ನಲ್ಲೂ ದಿನಾಂಕ ಹಾಕಿ ಇಟ್ಟುಕೊಳ್ಳಿ. ಆದರೆ ಕ್ಲೈಂಟ್ ಮಾಹಿತಿ ಇರುವ ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡಬೇಡಿ. ಅದಕ್ಕೇ ಕೆಲಸ ಹೋಗಬಹುದು.

ಜನವರಿ ರಿಲೀಸಿನಲ್ಲಿ ಸಣ್ಣದೊಂದು ತೊಂದರೆ ಬಂತು ಎಂದುಕೊಳ್ಳಿ. ರಶ್ಮಿ ಇಪ್ಪತ್ತು ನಿಮಿಷದಲ್ಲಿ ಮೇಲ್ ಹಾಕಿದರು. ಆ ವಾರ ಹತ್ತು ನಿಮಿಷ ಕೇಳಿದ್ದು ಒಂದೇ ಪ್ರಶ್ನೆ: "ಈ ಸಲ ಅಪ್‌ಡೇಟ್‌ಗಳು ಸರಿಯಾಗಿ ಸಿಕ್ಕವಾ ಮೇಡಂ, ಇನ್ನೇನಾದರೂ ಬೇಕಿತ್ತಾ?" ಈ ಎರಡನೇ ಭೇಟಿಯನ್ನು ಬಿಡಬೇಡಿ. ಹೇಳಿದ ಮಾತಿಗೆ ಬೆಲೆ ಸಿಕ್ಕಿತು ಎಂದು ಕಂಡವರು ಮುಂದೆ ಕೇಳದೆಯೂ ಹೇಳುತ್ತಾರೆ. ಫೆಬ್ರವರಿಯಲ್ಲಿ ಫಾರ್ಮ್ ತುಂಬುವಾಗ ಅವರಿಗೆ ನೆನಪಾಗುವುದೂ ಹೊಸ ಸಂಗತಿಯೇ.

## ಸಮಯವೇ ಕೊಡದಿದ್ದರೆ

ಒಂದು ಸಲ ಮುಂದೂಡಿದರೆ ಅದು ಕೆಲಸದ ಒತ್ತಡ. ಎರಡನೇ ಸಲವೂ ಮುಂದೂಡಿದರೆ ಕೇಳುವುದನ್ನು ಚಿಕ್ಕದು ಮಾಡಿ. "ಮೀಟಿಂಗ್ ಬೇಡ ಸರ್, ಈ ಒಂದು ಪ್ರಶ್ನೆಗೆ ಎರಡು ಸಾಲು ಬರೆದು ಕಳಿಸಿದರೆ ಸಾಕು" ಎಂದು ಆ ಚೆಕ್ ಮಾಡುವ ಪ್ರಶ್ನೆಯನ್ನೇ ಕಳಿಸಿ. ಅದಕ್ಕೂ ಉತ್ತರ ಬರದಿದ್ದರೆ ನಿಮ್ಮ ಕೆಲಸ ನೋಡಿದ ಟೀಮ್ ಲೀಡ್ ಹತ್ತಿರ, ಸೀನಿಯರ್ ಡೆವಲಪರ್ ಹತ್ತಿರ ಕೇಳಿ. ಮ್ಯಾನೇಜರ್‌ನ ಮೇಲಿನವರ ಹತ್ತಿರ ಹೋಗುವುದು ಕೊನೆಯ ದಾರಿ, ಅದೂ ಮ್ಯಾನೇಜರಿಗೆ ಹೇಳಿಯೇ.

ಮ್ಯಾನೇಜರ್ ಅಮೆರಿಕದಲ್ಲಿದ್ದರೆ ಸಮಯದ ತೊಡಕು ಬೇರೆ. ನ್ಯೂಯಾರ್ಕಿನ ಬೆಳಗಿನ 9 ಗಂಟೆ ಇಲ್ಲಿ ಚಳಿಗಾಲದಲ್ಲಿ ಸಂಜೆ 7:30, ಬೇಸಿಗೆಯಲ್ಲಿ 6:30. ಗಡಿಯಾರ ಬದಲಾಗುವ ನವೆಂಬರ್ ಮತ್ತು ಮಾರ್ಚ್ ತಿಂಗಳಲ್ಲಿ ಇನ್ವೈಟ್ ಮತ್ತೆ ನೋಡಿಕೊಳ್ಳಿ. ಅಂಥವರು ನಿಮ್ಮ ದಿನದ ಕೆಲಸ ಕಂಡಿರುವುದಿಲ್ಲ, ರಿಪೋರ್ಟ್ ಮಾತ್ರ ಕಂಡಿರುತ್ತಾರೆ. ಅವರಿಗೆ ಕಳಿಸುವ ಒಂದು ಪುಟದಲ್ಲಿ ಹಿನ್ನೆಲೆ ಎರಡು ಸಾಲು ಜಾಸ್ತಿ ಇರಲಿ, ಮತ್ತು ಒಂದು ದಿನದ ಬದಲು ಮೂರು ದಿನ ಮುಂಚೆ ಕಳಿಸಿ.

ವರ್ಷದ ಮಧ್ಯೆ ಮ್ಯಾನೇಜರ್ ಬದಲಾದರೆ, ಅಥವಾ ನೀವೇ ಪ್ರಾಜೆಕ್ಟ್ ಬದಲಿಸಿದರೆ, ಹಳೆಯವರು ಹೋಗುವ ಮುಂಚಿನ ವಾರದಲ್ಲೇ ಇದೆಲ್ಲ ಮುಗಿಯಬೇಕು. ಕೆಲವು ಕಂಪನಿಗಳ ಪೋರ್ಟಲ್‌ನಲ್ಲಿ ಪ್ರಾಜೆಕ್ಟ್ ಮುಗಿದಾಗ ಫೀಡ್‌ಬ್ಯಾಕ್ ಬರೆಯುವ ಜಾಗ ಇರುತ್ತದೆ. ಅಲ್ಲಿ ಬರೆಯಲು ಕೇಳಿ. ಇಲ್ಲದಿದ್ದರೆ ನಿಮ್ಮ ಸಂಜೆಯ ಮೇಲ್‌ಗೆ "ಸರಿಯಾಗಿದೆ" ಎಂದು ಅವರಿಂದ ಒಂದು ಉತ್ತರ ಬರೆಸಿಕೊಳ್ಳಿ. ಹೊಸ ಮ್ಯಾನೇಜರ್ ಬಂದ ಮೊದಲ ತಿಂಗಳಲ್ಲೇ ಅದನ್ನು ಅವರಿಗೆ ಕಳಿಸಿ, ಅವರು ಯಾವುದನ್ನು ಮುಖ್ಯ ಎಂದುಕೊಳ್ಳುತ್ತಾರೆ ಎಂದು ಕೇಳಿ. ಹಳೆಯವರಿಗೆ ಗಂಟೆಗೊಂದು ಮೇಲ್ ಬೇಕಿತ್ತು, ಹೊಸಬರಿಗೆ ಫೋನೇ ಬೇಕಿರಬಹುದು.